ಊಟದ ಮೇಜಿನ ಮೇಲೆ ತೂಗುದೀಪ: ಮೂರು ವರ್ಷ, ಮೂರು ಎತ್ತರ

ಮೂರು ವರ್ಷದ ಹಿಂದೆ ಮನೆ ಕಟ್ಟಿಸಿದಾಗ ಊಟದ ಮೇಜಿನ ಮೇಲೆ ಒಂದು ಹ್ಯಾಂಗಿಂಗ್ ಲೈಟ್ ಹಾಕಿಸಿದೆ. ಕಪ್ಪು ತಗಡಿನ ಗುಮ್ಮಟ, ಬಾಯಿ 14 ಇಂಚು ಅಗಲ, ಒಳಗೆ ಹಾಲುಬಣ್ಣದ ಎಲ್‌ಇಡಿ ಬಲ್ಬು. ದೀಪದ ಬಗ್ಗೆ ನನ್ನದೇನೂ ತಕರಾರಿಲ್ಲ, ಬಣ್ಣ ಕೂಡ ಹೋಗಿಲ್ಲ. ತಕರಾರೆಲ್ಲ ಅದರ ಜೊತೆ ಬಂದ ಒಂದು ಮೀಟರ್ ವೈರಿನದ್ದು. ಆ ವೈರಿನಿಂದಾಗಿ ಇದೇ ದೀಪ ನಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ಎತ್ತರದಲ್ಲಿ ತೂಗಿದೆ.

ನಮ್ಮ ಮನೆಗೆ ಫಾಲ್ಸ್ ಸೀಲಿಂಗ್ ಇಲ್ಲ, ನೆಲದಿಂದ ಮಾಳಿಗೆಗೆ ಸರಿಯಾಗಿ 10 ಅಡಿ, ಅಂದರೆ 120 ಇಂಚು. ಮೇಜು 30 ಇಂಚು ಎತ್ತರ. ದೀಪ ಹೋಲ್ಡರ್ ಕತ್ತೂ ಸೇರಿ 11 ಇಂಚು. ಒಂದು ಮೀಟರ್ ಅಂದರೆ 39 ಇಂಚು ಚಿಲ್ಲರೆ, ಆದರೆ ಮೇಲೆ ಮುಚ್ಚಳದ ಬಟ್ಟಲಿನೊಳಗೆ ಕನೆಕ್ಷನ್ನಿಗೆ ಮೂರು ಇಂಚು ಹೋಗುತ್ತದೆ. ಹೊರಗೆ ಕಾಣುವುದು 36. ಎಲ್ಲ ಕಳೆದರೆ ಮೇಜಿನ ಹಲಗೆಗೂ ದೀಪದ ಬಾಯಿಗೂ ನಡುವೆ 43 ಇಂಚು ಉಳಿಯಿತು. ಸಾಮಾನ್ಯವಾಗಿ ಹೇಳುವ ಅಳತೆ 30ರಿಂದ 36. ಏಳು ಇಂಚು ಹೆಚ್ಚಾದರೆ ಏನು ಮಹಾ ಅಂದುಕೊಂಡೆ.

ಎರಡು ತೊಂದರೆ ಆಯಿತು. ಮೊದಲನೆಯದು, ಮೇಜಿನ ಮೇಲೆ ಬೆಳಕೇ ಸಾಲದು. ಅದೇ ಬಲ್ಬನ್ನು ಈಗ ಹತ್ತು ಇಂಚು ಕೆಳಗಿಳಿಸಿದ್ದೇನೆ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕಮ್ಮಿಯಾಗುವುದರಿಂದ ಮೇಜಿನ ನಡುವೆ ಈಗ ಆಗಿನದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಬೆಳಕಿದೆ. ಎರಡನೆಯದು ಊಟಕ್ಕೆ ಕೂತವರಿಗಲ್ಲ, ಹಾಲ್‌ನಲ್ಲಿ ಸೋಫಾ ಮೇಲೆ ಕೂತವರಿಗೆ. ಸೋಫಾ ಮೇಜಿನಿಂದ ಆರು ಅಡಿ. ಬಲ್ಬು ಗುಮ್ಮಟದ ಅಂಚಿಗಿಂತ ಮೂರು ಇಂಚು ಮಾತ್ರ ಒಳಗಿದೆ. ದೀಪ ಮೇಲಿದ್ದಷ್ಟೂ ಅಂಚಿನ ಕೆಳಗಿಂದ ಬಲ್ಬು ಇಣುಕುವ ದೂರ ಜಾಸ್ತಿ. ಟಿವಿ ನೋಡಲು ಕೂತ ಅಮ್ಮ ದಿನಾ, "ಆ ಲೈಟ್ ಆರಿಸೋ, ಕಣ್ಣಿಗೆ ಚುಚ್ಚತ್ತೆ" ಅನ್ನುತ್ತಿದ್ದರು. ನಾನು ಬಲ್ಬು ಬದಲಿಸಿದೆ, ವಾಟ್ ಇಳಿಸಿದೆ, ಮೇಜು ಇನ್ನಷ್ಟು ಮಂಕಾಯಿತು. ತಪ್ಪು ಬಲ್ಬಿನದ್ದಲ್ಲ ಅಂತ ಹೊಳೆಯಲು ಐದಾರು ತಿಂಗಳು ಬೇಕಾಯಿತು.

ಆಮೇಲೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಕೆಳಗಿಳಿಸಿ ಎಂದೆ. ಆತ ಹಳೇ ವೈರಿಗೆ ಇನ್ನೊಂದು ತುಂಡು ಸೇರಿಸಿ, ಟೇಪ್ ಸುತ್ತಿ, ಹತ್ತು ನಿಮಿಷದಲ್ಲಿ ಹೊರಟುಹೋದರು. ಎತ್ತರ ಕೇಳಿದ್ದಕ್ಕೆ "ಎಷ್ಟು ಬೇಕೋ ಅಷ್ಟು ಬಂತು ಬಿಡಿ ಸರ್" ಅಂದರು. ಅಳೆದರೆ 26 ಇಂಚು. ನೋಡಲು ಹೋಟೆಲಿನ ಥರ ಚಂದ ಇತ್ತು ಅನ್ನುವುದು ನಿಜ.

ಆದರೆ ಹೋಟೆಲಿನಲ್ಲಿ ಬಡಿಸುವವರು ಪಕ್ಕದಿಂದ ತಟ್ಟೆ ಇಟ್ಟು ಹೋಗುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರು ನಿಂತು, ಒಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದು, ಆಚೆ ಬದಿಯವರ ತಟ್ಟೆಗೆ ಬಗ್ಗಿ ಸೌಟು ಚಾಚುತ್ತಾರೆ. ಹಾಗೆ ಬಗ್ಗಿದಾಗ ತಲೆ ನೆಲದಿಂದ ಸುಮಾರು 55–60 ಇಂಚಿನಲ್ಲಿರುತ್ತದೆ. ದೀಪದ ಅಂಚು 56ರಲ್ಲಿ! ಹೆಂಡತಿಯ ಹಣೆಗೆ ಎರಡು ಸಲ ತಾಗಿತು, ಮೂರನೇ ಸಲ ತೂಗಾಡಿದ ದೀಪಕ್ಕೆ ಸೌಟು ಬಡಿದು ಸಾರು ಮೇಜಿನ ಮೇಲೆ. ಕೂತು ಪಾತ್ರೆ ದಾಟಿಸಿಕೊಂಡು ತಾವೇ ಬಡಿಸಿಕೊಳ್ಳುವ ಮನೆಗೆ 28–30 ಇಂಚು ನಡೆಯಬಹುದು. ನಿಂತು ಬಡಿಸುವ ಮನೆಗೆ 32ಕ್ಕಿಂತ ಕೆಳಗೆ ಬೇಡ, ಇದು ನನ್ನ ಅನುಭವ.

ನಾಲ್ಕು ತಿಂಗಳಲ್ಲಿ ಆ ಸೇರಿಸಿದ ಜಾಗವೂ ಕೈಕೊಟ್ಟಿತು. ದೀಪ ಅಲುಗಿದಾಗಲೆಲ್ಲ ಮಿಣುಕತೊಡಗಿತು. ಮೇನ್ ಆಫ್ ಮಾಡಿಸಿ ಬಿಚ್ಚಿಸಿದರೆ ಟೇಪಿನ ಅಂಟು ಕರಗಿ ಜಾರಿತ್ತು, ಒಳಗಿನ ತಾಮ್ರದ ಎಳೆಗಳು ಅರ್ಧಕ್ಕರ್ಧ ಹೊರಬಂದಿದ್ದವು. ದೀಪದ ಅಷ್ಟೂ ಭಾರವನ್ನು ಆ ಗಂಟೇ ಹೊತ್ತಿತ್ತು. ತೂಗುವ ವೈರಿನ ನಡುವೆ ಜಾಯಿಂಟ್ ಇರಲೇಬಾರದು. ಉದ್ದ ಸಾಲದಿದ್ದರೆ ಹೋಲ್ಡರಿನಿಂದ ಮೇಲಿನ ಬಟ್ಟಲಿನವರೆಗೆ ಇಡೀ ವೈರು ಹೊಸದು ಹಾಕಬೇಕು. ನಮ್ಮದು ತಗಡಿನ ದೀಪವಾದ್ದರಿಂದ ಅರ್ತಿಂಗ್ ಎಳೆಯೂ ಇರುವ ಮೂರು ಎಳೆಯ ವೈರೇ ಬೇಕಿತ್ತು. ಆತ ಸೇರಿಸಿದ್ದು ಎರಡೆಳೆಯದ್ದು.

ಮೂರನೇ ಸಲಕ್ಕೆ ಮುಂಚೆ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಅಂದರೆ, ದೀಪ ಬಿಚ್ಚಿಟ್ಟು ಅದೇ ಕೊಕ್ಕೆಗೆ ನೂಲಿನಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಕಟ್ಟಿದ್ದು. ಹೆಚ್ಚೂಕಮ್ಮಿ ದೀಪದಷ್ಟೇ ಅಗಲದ ಬುಟ್ಟಿ. ಎರಡು ದಿನ ಹಾಗೇ ಉಂಡೆವು, ಬಡಿಸಿದೆವು, ತಟ್ಟೆ ಎತ್ತಿದೆವು. 30ಕ್ಕೆ ಕಟ್ಟಿದಾಗ ಬಡಿಸುವವರ ಜಡೆ ತಾಗಿತು. 33ಕ್ಕೆ ಏರಿಸಿದ ಮೇಲೆ ಯಾರೂ ಬುಟ್ಟಿಯ ಸುದ್ದಿ ಎತ್ತಲಿಲ್ಲ. ನೂಲನ್ನು ಅಲ್ಲೇ ಕತ್ತರಿಸಿ ಅಳೆದೆ. 120ರಲ್ಲಿ ಮೇಜಿನ 30, ನಡುವಿನ 33, ದೀಪದ 11 ಕಳೆದರೆ ಹೊರಗೆ ಕಾಣುವ ವೈರು 46 ಇಂಚು. ಬಟ್ಟಲಿನೊಳಗೆ ಮೂರು, ಹೋಲ್ಡರಿನೊಳಗೆ ಮೂರು ಸೇರಿ 52, ಅಂದರೆ 1.3 ಮೀಟರ್ ಚಿಲ್ಲರೆ. ಎರಡು ಮೀಟರ್ ತಂದೆ. ಹೆಚ್ಚಾದರೆ ಕತ್ತರಿಸಬಹುದಲ್ಲ. ಈಗ ಸೋಫಾಕ್ಕೆ ಬಲ್ಬು ಕಾಣುವುದಿಲ್ಲ, ಅಮ್ಮನ ದೂರೂ ಇಲ್ಲ.

ಈ 33 ಎಲ್ಲರಿಗೂ ಸರಿಹೋಗುವ ಸಂಖ್ಯೆಯೇನಲ್ಲ. ಹುಬ್ಬಳ್ಳಿಯಲ್ಲಿ ಅಕ್ಕನ ಅಡುಗೆಮನೆಯ ನಡುಕಟ್ಟೆ 34 ಇಂಚಿನದ್ದು, ಅದರ ಮೇಲೆ ಎರಡು ಗಾಜಿನ ದೀಪ. ಅಲ್ಲಿ ಜನ ನಿಂತೇ ಕೆಲಸ ಮಾಡುತ್ತಾರೆ, ಕಣ್ಣು ನೆಲದಿಂದ 58–60 ಇಂಚಿನಲ್ಲಿ. 26 ಇಂಚಿಗೆ ಇಳಿಸಿದ್ದರಿಂದ ಪಾರದರ್ಶಕ ಗಾಜಿನೊಳಗಿನ ಬಲ್ಬು ನೇರ ಕಣ್ಣೆದುರಿಗೇ ಬರುತ್ತಿತ್ತು. ತರಕಾರಿ ಹೆಚ್ಚುತ್ತಾ ಎದುರಿಗಿದ್ದವರ ಮುಖ ನೋಡಲಾಗದೆ ಆರು ಇಂಚು ಮೇಲೆತ್ತಿಸಿದಳು. ಈಗ ಅಂಚು 66ರಲ್ಲಿದೆ, ಕಣ್ಣಿಗಿಂತ ತುಸು ಮೇಲೆ.

ಉಳಿದ ಒಂದೆರಡು ಮಾತು. ವೈರು ಉದ್ದವಾದ ಮೇಲೆ ಫ್ಯಾನ್ ಗಾಳಿಗೆ ದೀಪ ಹೆಚ್ಚು ತೂಗುತ್ತದೆ, ತಟ್ಟೆಯ ಮೇಲೆ ನೆರಳು ಅತ್ತಿತ್ತ ಹರಿಯುತ್ತದೆ. ನಮ್ಮ ಫ್ಯಾನು ಮೂರೂವರೆ ಅಡಿ ಆಚೆ ಇದೆ, ಊಟದ ಹೊತ್ತಿಗೆ ಎರಡರಲ್ಲಿ ಇಡುತ್ತೇವೆ. ಇದಕ್ಕೆ ಬೇರೆ ಪರಿಹಾರ ನನಗೆ ಸಿಕ್ಕಿಲ್ಲ. ನೂಲು ಹೆಣೆದ ವೈರು ತರಬೇಡಿ. ಮೊದಲಿನದ್ದು ಹಾಗಿತ್ತು, ಒಗ್ಗರಣೆಯ ಜಿಡ್ಡು ಕುಡಿದು ವರ್ಷದೊಳಗೆ ದೀಪದ ಬತ್ತಿಯ ಹಾಗಾಯಿತು. ಈಗಿನ ನುಣುಪು ವೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಸ್ವಿಚ್ ಆರಿಸಿ.

ಒಂದು ಲೆಕ್ಕ ಮಾತ್ರ ನನಗೆ ಮೊದಲು ಹೊಳೆದಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ನೆಲದ ಮೇಲೆ ಎಲೆ ಹಾಕಬೇಕೆಂದು ಮೇಜನ್ನು ಗೋಡೆಗೆ ಸರಿಸಿದೆವು. ದೀಪ ಅಲ್ಲೇ ಉಳಿಯಿತು, ನೆಲದಿಂದ 63 ಇಂಚಿನಲ್ಲಿ, ನಡುಮನೆಯ ದಾರಿಗೆ ಅಡ್ಡವಾಗಿ. ಆರಡಿಯ ಚಿಕ್ಕಪ್ಪ ಬಂದವರೇ ಗದ್ದಕ್ಕೆ ಬಡಿಸಿಕೊಂಡರು. "ನಿನ್ನ ಮನೇಲಿ ದೇವರಿಗಿಂತ ಮೊದಲು ದೀಪಕ್ಕೇ ತಲೆ ಬಗ್ಗಿಸ್ಬೇಕೇನೋ?" ಅಂದರು. ಅಂದಿನಿಂದ ಮೇಜು ಸರಿಸಿದ ದಿನ ವೈರನ್ನು ಸಡಿಲವಾಗಿ ಒಂದು ಸುತ್ತು ಮಡಚಿ, ಬಟ್ಟೆಯ ಪಟ್ಟಿಯಲ್ಲಿ ಕಟ್ಟುತ್ತೇವೆ. ಒಂದು ಅಡಿ ಮೇಲೇರುತ್ತದೆ. ಪಟ್ಟಿ ಈಗ ಮಸಾಲೆ ಡಬ್ಬಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ.