ಸ್ಟೇಟಸ್ ವಿಡಿಯೋಗೆ ಹ್ಯಾಂಡ್‌ಬ್ರೇಕ್: ಸೈಜ್ ಇಳಿಯಬೇಕು, ಮುಖ ಉಳಿಯಬೇಕು

ರೇಟಿಂಗ್: 5ಕ್ಕೆ 4

ಮದುವೆ ಹೈಲೈಟ್ಸ್ ಎಡಿಟ್ ಮಾಡುವವರಿಗೆ ಈಗ ಒಂದು ಕೆಲಸ ಜಾಸ್ತಿಯಾಗಿದೆ. ಪೆನ್‌ಡ್ರೈವ್ ಕೊಟ್ಟ ಮೇಲೆ "ಸ್ಟೇಟಸ್‌ಗೆ ಒಂದು ಚಿಕ್ಕದು ಮಾಡ್ಕೊಡಿ ಸಾರ್" ಅನ್ನುತ್ತಾರೆ. ಇದಕ್ಕೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ವಿಡಿಯೋ ಫೈಲನ್ನು ಹಿಂಡಿ ಚಿಕ್ಕದು ಮಾಡುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್. ದುಡ್ಡಿಲ್ಲ, ಜಾಹೀರಾತಿಲ್ಲ, ವಿಡಿಯೋ ಮೇಲೆ ತನ್ನ ಲೋಗೋ ಒತ್ತುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಫೋನಿಗೆ ಮಾತ್ರ ಇಲ್ಲ.

ಮೊದಲು ಮಿತಿಯ ವಿಷಯ. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಮೊದಲೆಲ್ಲ 30 ಸೆಕೆಂಡ್ ಇತ್ತು. 2020ರ ಲಾಕ್‌ಡೌನ್ ಶುರುವಿನಲ್ಲಿ ಭಾರತದಲ್ಲಿ ಸ್ವಲ್ಪ ಕಾಲ 15ಕ್ಕೆ ಇಳಿಸಿದ್ದರು. 2024ರಲ್ಲಿ ಒಂದು ನಿಮಿಷವಾಯಿತು, 2025ರಲ್ಲಿ 90 ಸೆಕೆಂಡಿಗೆ ಏರಿಸಲು ಶುರು ಮಾಡಿದರು. ನಾನು ಈಗಲೂ ಒಂದು ನಿಮಿಷದ ಲೆಕ್ಕವನ್ನೇ ಹಿಡಿದು, 60ರ ಬದಲು 59 ಸೆಕೆಂಡಿಗೇ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಹಳೆಯ ಮಿತಿಯೇ ಇರುವ ಫೋನಿನಲ್ಲಿ ಕೊನೆಯ ಒಂದೆರಡು ಫ್ರೇಮ್ ಬೇರೆ ತುಂಡಾಗಿ ನೇತಾಡುವ ಭಯ. ಸೈಜ್ 15 ಎಂಬಿ ಒಳಗೆ ಇಡುತ್ತೇನೆ. ವಿಡಿಯೋಗೆ 16 ಎಂಬಿ ಅನ್ನುವ ಹಳೆಯ ಲೆಕ್ಕ ಇತ್ತಲ್ವಾ, ಅದರೊಳಗೆ ಆರಾಮಾಗಿ ಕೂರುತ್ತದೆ.

ಹ್ಯಾಂಡ್‌ಬ್ರೇಕ್ ಬಗ್ಗೆ ನನ್ನ ದೊಡ್ಡ ದೂರು ಇಲ್ಲೇ ಇದೆ. "ನನಗೆ 15 ಎಂಬಿ ಬೇಕು" ಅಂತ ಹೇಳುವ ಜಾಗ ಇದರಲ್ಲಿಲ್ಲ. ಹಳೆಯ ಆವೃತ್ತಿಗಳಲ್ಲಿ ಇತ್ತು, ತೆಗೆದುಬಿಟ್ಟರು. ಸುಮ್ನೆ ತೆರೆದು ಒತ್ತಿದರೆ ಅದು `Constant Quality` ಮೇಲೆ ಓಡುತ್ತದೆ. ಕ್ವಾಲಿಟಿ ಒಂದೇ ಸಮ ಇರುತ್ತದೆ, ಸೈಜ್ ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಶಾಂತವಾದ ರಿಸೆಪ್ಷನ್ ದೃಶ್ಯ 9 ಎಂಬಿಗೆ ಮುಗಿಯಬಹುದು, ಧಾರೆಯ ದೃಶ್ಯ 30 ದಾಟಬಹುದು. ಆದ್ದರಿಂದ `Video` ಟ್ಯಾಬ್‌ನಲ್ಲಿ `Avg Bitrate` ಆರಿಸಿ, ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವ ಲೆಕ್ಕ ನಾವೇ ಹಾಕಬೇಕು:

```
15 × 8000 ÷ 59 = 2033
2033 − 96 = 1937
```

96 ಅನ್ನುವುದು ಆಡಿಯೋ ಪಾಲು, `Audio` ಟ್ಯಾಬ್‌ನಲ್ಲೂ ಬಿಟ್‌ರೇಟ್ 96ಕ್ಕೆ ಇಡಬೇಕು. ಉಳಿದದ್ದರಲ್ಲಿ ಸ್ವಲ್ಪ ಕೈ ಹಿಡಿದು 1900 ಹಾಕುತ್ತೇನೆ, ಫೈಲ್ 14.7 ಎಂಬಿ ಆಸುಪಾಸಿಗೆ ಬರುತ್ತದೆ. `Multi-Pass Encoding` ಟಿಕ್ ಮಾಡಲೇಬೇಕು. ಮೊದಲ ಸುತ್ತಿನಲ್ಲಿ ಅದು ಎಲ್ಲಿ ಕಷ್ಟದ ದೃಶ್ಯ ಇದೆ ಅಂತ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಅಲ್ಲಿಗೆ ಜಾಸ್ತಿ ಡೇಟಾ ಕೊಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಒಂದು ನಿಮಿಷದ ವಿಡಿಯೋಗೆ ಅದೇನೂ ದೊಡ್ಡದಲ್ಲ.

ಇಷ್ಟು ಮಾಡಿದರೆ ಸೈಜ್ ಬಂತು. ಮುಖ ಬರುವುದಿಲ್ಲ. ಬಹಳ ಜನ ಇಲ್ಲೇ ನಿಂತು, ಆ್ಯಪ್ ಬೈದುಕೊಂಡು ಬಿಡುತ್ತಾರೆ.

ಒಂದು ಉದಾಹರಣೆ ತಗೊಳ್ಳೋಣ. ಅಡ್ಡ ವಿಡಿಯೋ, 1920×1080, ಸೆಕೆಂಡಿಗೆ 50 ಫ್ರೇಮ್. ಮಂಟಪದಲ್ಲಿ ಹುಡುಗ ಹುಡುಗಿ ನಡುವೆ ಕೂತಿದ್ದಾರೆ, ಒಂದೊಂದು ಮುಖ ಸುಮಾರು 150 ಪಿಕ್ಸೆಲ್ ಅಗಲ. ಎಲ್ಲರೂ ಮಾಡುವಂತೆ ಇದನ್ನು 1280×720ಕ್ಕೆ ಇಳಿಸಿದರೆ ಮುಖ 100 ಪಿಕ್ಸೆಲ್ ಆಗುತ್ತದೆ. ಜೊತೆಗೆ ಸ್ಟೇಟಸ್ ನೋಡುವವರು ಫೋನನ್ನು ನೆಟ್ಟಗೆ ಹಿಡಿದಿರುತ್ತಾರೆ. ಅಡ್ಡ ವಿಡಿಯೋ ನಡುವೆ ಒಂದು ಪಟ್ಟಿಯಾಗಿ ಕಾಣುತ್ತದೆ. ನಾವು ಕೊಟ್ಟ ಡೇಟಾದ ದೊಡ್ಡ ಪಾಲು ಎರಡೂ ಕಡೆಯ ಹೂವಿನ ಅಲಂಕಾರಕ್ಕೆ, ಹಿಂದೆ ಓಡಾಡುವ ನೆಂಟರಿಗೆ ಹೋಗಿರುತ್ತದೆ.

ಅದರ ಬದಲು `Dimensions` ಟ್ಯಾಬ್‌ನಲ್ಲಿ `Cropping` ಅನ್ನು `Custom` ಮಾಡಿ, ಎಡಕ್ಕೆ 528, ಬಲಕ್ಕೆ 528 ಕತ್ತರಿಸಿ. ಉಳಿಯುವುದು 864×1080. ಅದನ್ನು 720×900ಕ್ಕೆ ಇಳಿಸಿ. ಈಗ ಅದೇ ಮುಖ 125 ಪಿಕ್ಸೆಲ್. ಒಟ್ಟು ಪಿಕ್ಸೆಲ್ ಮಾತ್ರ ಮೊದಲಿಗಿಂತ 30% ಕಡಿಮೆ. ಅಂದರೆ ಚಿತ್ರ ಚಿಕ್ಕದಾಯಿತು, ಮುಖ ದೊಡ್ಡದಾಯಿತು, ಪ್ರತಿ ಪಿಕ್ಸೆಲ್‌ಗೂ ಸಿಗುವ ಡೇಟಾ ಹೆಚ್ಚಾಯಿತು. ಎರಡೂ ಸೇರಿದರೆ ಮುಖಕ್ಕೆ ಸಿಗುವ ಪಾಲು ಹೆಚ್ಚುಕಡಿಮೆ ಎರಡು ಪಟ್ಟು. ನೋಡುವವರ ಪರದೆಯಲ್ಲೂ ಮುಖ ಎರಡು ಪಟ್ಟಿಗಿಂತ ಅಗಲವಾಗಿ ಕಾಣುತ್ತದೆ. ಕ್ವಾಲಿಟಿ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಇಷ್ಟು ಲಾಭ ಸಿಗುವುದಿಲ್ಲ.

ಫ್ರೇಮ್ ರೇಟ್ 25ಕ್ಕೆ ಇಳಿಸಿ. ಫೋನಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಈ ಕ್ರಾಪ್‌ಗೆ ಒಂದು ಮಿತಿ ಇದೆ. ಶುರುವಿನಿಂದ ಕೊನೆಯವರೆಗೂ ಅದು ಒಂದೇ ಕಡೆ ನಿಂತಿರುತ್ತದೆ. ಮುಂದಿನ ಶಾಟ್‌ನಲ್ಲಿ ಹುಡುಗಿಯ ಅಪ್ಪ ಬಲಗಡೆ ಅಂಚಿನಲ್ಲಿ ನಿಂತಿದ್ದರೆ ಅವರು ಹೊರಗೆ. ಅಂಥ ವಿಡಿಯೋವನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಶಾಟ್ ಶಾಟ್ ಸರಿಸಿ, ದೊಡ್ಡ ಬಿಟ್‌ರೇಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಹ್ಯಾಂಡ್‌ಬ್ರೇಕ್‌ಗೆ ಹಾಕಬೇಕು. ಬೇರೆ ಬೇರೆ ತುಣುಕು ಜೋಡಿಸುವುದೂ ಇದರಿಂದ ಆಗದು. ಒಂದು ಕಡೆ ಶುರು, ಒಂದು ಕಡೆ ಕೊನೆ, ಅಷ್ಟೇ.

ಮುಖ ಕೆಟ್ಟಿದೆಯೋ ಇಲ್ಲವೋ ಅಂತ ನೋಡಲು ಕ್ಲೋಸಪ್ ನೋಡಬೇಡಿ, ಅದು ಯಾವಾಗಲೂ ಚೆನ್ನಾಗಿರುತ್ತದೆ. ಅಕ್ಷತೆ ಬೀಳುವ ಜಾಗದಲ್ಲಿ ನಿಲ್ಲಿಸಿ. ನೂರಾರು ಕಾಳು ಒಂದೊಂದು ಕಡೆ ಹಾರುತ್ತಿರುತ್ತವೆ. ಎನ್‌ಕೋಡರ್‌ಗೆ ಹಿಂದಿನ ಫ್ರೇಮ್‌ನಿಂದ ಏನೂ ಎರವಲು ಸಿಗುವುದಿಲ್ಲ, ಡೇಟಾ ಎಲ್ಲ ಅಕ್ಕಿಗೇ ಖರ್ಚು. ಕೆನ್ನೆ ಚೌಕ ಚೌಕವಾಗಿದ್ದರೆ, ಹುಬ್ಬು ಹಣೆಗೆ ಕಲಸಿಹೋಗಿದ್ದರೆ ಸಾಲಲಿಲ್ಲ ಅಂತ ಅರ್ಥ. ಆಗ ನಾನು ಚಿತ್ರದ ಅಳತೆ ಇನ್ನೂ ಇಳಿಸಿ 576×720 ಮಾಡುತ್ತೇನೆ. ಇಲ್ಲವೇ ಅಕ್ಷತೆಯ ಶಾಟ್ ಅನ್ನೇ ಎರಡು ಸೆಕೆಂಡಿಗೆ ಮೊಟಕು ಮಾಡುತ್ತೇನೆ. ಎರಡನೆಯದೇ ಹೆಚ್ಚು ಕೆಲಸ ಮಾಡುತ್ತದೆ.

ಕತ್ತಲೆ ಚೌಲ್ಟ್ರಿಯಲ್ಲಿ ಹಿಂದೆ ಎಲ್‌ಇಡಿ ಪರದೆ, ಮುಂದೆ ಮುಖ ಮಬ್ಬು. ಇದು ಇನ್ನೊಂದು ತಲೆನೋವು. ಕತ್ತಲೆ ಭಾಗದಲ್ಲಿ ಏನೂ ಇಲ್ಲ ಅಂತ ಎನ್‌ಕೋಡರ್ ಅಲ್ಲಿಯೇ ಉಳಿತಾಯ ಮಾಡುತ್ತದೆ. ಎನ್‌ಕೋಡರ್ ಆಗಿ `H.264 (x264)` ಇಟ್ಟುಕೊಂಡು, ಹೆಚ್ಚುವರಿ ಆಯ್ಕೆಗಳ ಖಾನೆಯಲ್ಲಿ ಇದನ್ನು ಬರೆದರೆ ಮಬ್ಬು ಭಾಗಕ್ಕೆ ಸ್ವಲ್ಪ ಜಾಸ್ತಿ ಸಿಗುತ್ತದೆ:

```
aq-mode=3
```

ಇಂಥ ವಿಡಿಯೋದಲ್ಲಿ ಕಾಳು ಕಾಳಾದ ನಾಯ್ಸ್ ಇದ್ದರೆ `Filters` ಟ್ಯಾಬ್‌ನ `Denoise` ಅನ್ನು ತೀರಾ ಹಗುರಕ್ಕೆ ಇಡಿ. ಜಾಸ್ತಿ ಇಟ್ಟರೆ ಎಲ್ಲರೂ ಮೇಣದ ಗೊಂಬೆಗಳಾಗುತ್ತಾರೆ.

ಒಂದು ಮಾತ್ರ ಸರಿಯಾಗುವುದಿಲ್ಲ. ಚಿಕ್ಕ ಮುಖದಲ್ಲಿ ಕುಂಕುಮದ ಬೊಟ್ಟು ಅಂಚು ಬಿಟ್ಟು ಹರಡಿದಂತೆ ಕಾಣುತ್ತದೆ. ಇಂಥ ವಿಡಿಯೋದಲ್ಲಿ ಬಣ್ಣವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಅಳತೆಯಲ್ಲೇ ಇಡುತ್ತಾರೆ, ಕೆಂಪಿನಲ್ಲಿ ಅದು ಎದ್ದು ಕಾಣುತ್ತದೆ. ಇದಕ್ಕೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ.

ಫೈಲ್ ರೆಡಿಯಾದ ಮೇಲೆ ಅದನ್ನು ಗಿರಾಕಿಗೆ ಮಾಮೂಲಿ ವಿಡಿಯೋ ಥರ ಕಳಿಸಬೇಡಿ. ಕಳಿಸುವಾಗ ಒಮ್ಮೆ, ಅವರು ಸ್ಟೇಟಸ್‌ಗೆ ಹಾಕುವಾಗ ಇನ್ನೊಮ್ಮೆ ಹಿಂಡಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಗ್ಯಾಲರಿಯಲ್ಲಿ ಕಾಣದಿದ್ದರೆ ಫೈಲ್ಸ್ ಆ್ಯಪ್‌ನಿಂದ ಶೇರ್ ಮಾಡಲಿ. ಸ್ಟೇಟಸ್‌ಗೆ ಹೋಗುವಾಗ ವಾಟ್ಸ್ಆ್ಯಪ್ ಹೇಗೂ ಒಮ್ಮೆ ಕೈ ಆಡಿಸುತ್ತದೆ. ಅವರ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಅಪ್‌ಲೋಡ್ ಕ್ವಾಲಿಟಿಯನ್ನು ಎಚ್‌ಡಿಗೆ ಇಡಲು ಹೇಳಿ. ನಾನು ಪರೀಕ್ಷೆಗೆ ಸ್ಟೇಟಸ್ ಪ್ರೈವಸಿಯಲ್ಲಿ ಮನೆಯವರ ನಂಬರ್ ಒಂದನ್ನೇ ಆರಿಸಿ ಹಾಕಿ, ಅವರ ಫೋನಿನಲ್ಲಿ ನೋಡುತ್ತೇನೆ. ಕಂಪ್ಯೂಟರ್ ಪರದೆಯ ತೀರ್ಪು ಇಲ್ಲಿ ನಡೆಯುವುದಿಲ್ಲ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಸೈಜ್ ಲೆಕ್ಕ ನಮ್ಮ ತಲೆಗೇ ಕಟ್ಟಿದ್ದಕ್ಕೆ, ಮತ್ತೆ ಆ ಮಿಸುಕಾಡದ ಕ್ರಾಪ್‌ಗೆ. ಹೊಸದಾಗಿ ಹಾಕಿಕೊಳ್ಳುವವರು `handbrake.fr` ಅನ್ನುವ ಅವರದೇ ತಾಣದಿಂದ ಇಳಿಸಿಕೊಳ್ಳಿ. 2017ರ ಮೇ ತಿಂಗಳಲ್ಲಿ ಅವರ ಒಂದು ಡೌನ್‌ಲೋಡ್ ಸರ್ವರ್‌ಗೇ ಯಾರೋ ನುಗ್ಗಿ, ಮ್ಯಾಕ್ ಫೈಲ್ ಬದಲು ವೈರಸ್ ಇಟ್ಟಿದ್ದರು. ಹಾಗಾಗಿ ಇಳಿಸಿದ ಫೈಲಿನ ಚೆಕ್‌ಸಮ್ ಅನ್ನು ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ ನೋಡಿಯೇ ಇನ್‌ಸ್ಟಾಲ್ ಮಾಡಿ.