ಕರಾರಿನಲ್ಲಿದ್ದ "ಸಣ್ಣ ರಿಪೇರಿ" ಅನ್ನೋ ಎರಡು ಪದ, ಅಡ್ವಾನ್ಸ್‌ನಲ್ಲಿ 58,600 ಕಟ್

ಬಾಡಿಗೆ ಮನೆ ಹುಡುಕುತ್ತಿರುವವರು, ಈಗಾಗಲೇ ಬಾಡಿಗೆಗೆ ಇರುವವರು, ಸ್ವಲ್ಪ ಬಿಡುವು ಮಾಡಿಕೊಂಡು ಓದಿ. ನಮಗಾಗಿದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ನಾವು ಮನೆ ಖಾಲಿ ಮಾಡಿದೆವು. ಬನಶಂಕರಿ ಕಡೆ ಒಂದು ಹಳೇ ಅಪಾರ್ಟ್‌ಮೆಂಟ್, ಎರಡನೇ ಮಹಡಿ, ಎರಡು ಬೆಡ್‌ರೂಮ್. ಬಾಡಿಗೆ 18,000, ಅಡ್ವಾನ್ಸ್ 1,50,000. ಮೂರು ವರ್ಷ ಇದ್ದೆವು, ಒಂದು ತಿಂಗಳೂ ಬಾಡಿಗೆ ತಡ ಮಾಡಿರಲಿಲ್ಲ. ಕೀ ಕೊಟ್ಟು ಹನ್ನೆರಡು ದಿನ ಆದ ಮೇಲೆ ಓನರ್ ಖಾತೆಗೆ ಹಾಕಿದ್ದು 91,400. ಜೊತೆಗೆ ಒಂದು ಚೀಟಿಯ ಫೋಟೋ ಕಳಿಸಿದರು. ಪೇಂಟಿಂಗ್ 18,000, ಬೆಡ್‌ರೂಮ್ ಗೋಡೆ 14,000, ಅಸೋಸಿಯೇಷನ್‌ಗೆ 22,000, ಗೀಸರ್ 4,600. ಒಟ್ಟು 58,600 ಕಟ್. ಮುಂಚೆ ಒಂದು ಮಾತು ಹೇಳಿರಲಿಲ್ಲ, ಒಂದು ಬಿಲ್ಲೂ ತೋರಿಸಿರಲಿಲ್ಲ.

ಕರಾರು ತೆಗೆದು ನೋಡಿದೆ. ಅದರಲ್ಲಿದ್ದದ್ದು ಇಷ್ಟೇ: ಸಣ್ಣ ರಿಪೇರಿ ಬಾಡಿಗೆದಾರರದ್ದು, ದೊಡ್ಡ ರಿಪೇರಿ ಮಾಲೀಕರದ್ದು, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ತಿಂಗಳ ಮೇಂಟೆನೆನ್ಸ್ ಬಾಡಿಗೆದಾರರದ್ದು. ಯಾವುದು ಸಣ್ಣದು, ಯಾವುದು ದೊಡ್ಡದು ಅಂತ ಒಂದು ಸಾಲೂ ಇಲ್ಲ. ಬ್ರೋಕರ್ ತಂದಿದ್ದ ಸ್ಟ್ಯಾಂಪ್ ಪೇಪರ್, ಎಲ್ಲರಿಗೂ ಇದೇ ಕಾಪಿ ಅಂದಿದ್ದರು, ನಾವು ಸೈನ್ ಹಾಕಿದ್ದೆವು.

ಪೇಂಟಿಂಗ್ ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ. ಬೆಂಗಳೂರಿನಲ್ಲಿ ಅದು ರೂಢಿ, ಬರೆದು ಒಪ್ಪಿದ್ದೂ ಹೌದು. ಗೋಡೆಯದ್ದು ಬೇರೆ ಕಥೆ, ಅದನ್ನೇ ಸ್ವಲ್ಪ ವಿವರವಾಗಿ ಹೇಳ್ತೇನೆ.

ಹಿಂದಿನ ಜೂನ್‌ನಲ್ಲಿ ಬೆಡ್‌ರೂಮಿನ ಒಂದು ಗೋಡೆಯ ಕೆಳಗಡೆ ಪೇಂಟ್ ಉಬ್ಬೋಕೆ ಶುರುವಾಯಿತು. ಆ ಗೋಡೆಯ ಆಚೆ ಬಾತ್‌ರೂಮ್. ಓನರ್‌ಗೆ ಫೋನ್ ಮಾಡಿದೆ. "ಮಳೆಗಾಲ ಅಲ್ವೇನಮ್ಮಾ, ಬಿಸಿಲು ಬಂದ್ರೆ ಒಣಗುತ್ತೆ" ಅಂದರು. ಜುಲೈನಲ್ಲಿ ಮತ್ತೆ ಮಾಡಿದೆ, ಆಗಸ್ಟ್‌ನಲ್ಲೂ ಮಾಡಿದೆ. ಕೊನೆಗೆ ಅವರು ಹೇಳಿದ್ದು, ನೀವು ರೂಮಿನೊಳಗೆ ಬಟ್ಟೆ ಒಣಗಿಸುತ್ತೀರಿ, ಕಿಟಕಿ ತೆಗೆಯಲ್ಲ, ಅದಕ್ಕೇ ಗೋಡೆ ಹಾಳಾಗಿದೆ ಅಂತ.

ಇದು ಓನರ್‌ಗಳು ಜಾಸ್ತಿ ಹೇಳೋ ಮಾತು. ಹಾಗಾಗಿ ವ್ಯತ್ಯಾಸ ಗೊತ್ತಿರಬೇಕು. ಗಾಳಿ ಆಡದೆ ರೂಮಿನ ತೇವದಿಂದ ಗೋಡೆ ಹಾಳಾದರೆ ಸಾಮಾನ್ಯವಾಗಿ ಮೂಲೆಯಲ್ಲಿ, ಬೀರು ಹಿಂದೆ, ಗೋಡೆಯ ಮೇಲ್ಮೈಯಲ್ಲಿ ಕಪ್ಪು ಬೂಷ್ಟು ಬರುತ್ತೆ. ಒರೆಸಿದರೆ ಬಹುಪಾಲು ಹೋಗುತ್ತೆ. ಗೋಡೆಯ ಒಳಗಿಂದ ನೀರು ಬಂದರೆ ಪೇಂಟ್ ಗುಳ್ಳೆ ಏಳುತ್ತೆ, ಪುಟ್ಟಿ ಪುಡಿ ಪುಡಿ ಆಗಿ ಉದುರುತ್ತೆ, ಒಣಗಿದ ಜಾಗದಲ್ಲಿ ಬಿಳೀ ಉಪ್ಪು ಕಟ್ಟುತ್ತೆ. ನಮ್ಮ ಗೋಡೆಯಲ್ಲಿ ಇದ್ದದ್ದು ಎರಡನೇದು. ಮಳೆ ನೀರೇ ಆಗಿದ್ದರೆ ಮಳೆ ನಿಂತ ಕೆಲವು ವಾರಕ್ಕೆ ಒಣಗಬೇಕು. ನಮ್ಮದು ಒಣಗಲೇ ಇಲ್ಲ. ಅಲ್ಲದೆ ಅದು ಹೊರಗೋಡೆಯೂ ಅಲ್ಲ.

ಅಪಾರ್ಟ್‌ಮೆಂಟಿನ ಪ್ಲಂಬರ್ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಮನೆಗೆ ನೀರಿನ ಮೀಟರ್ ಇದ್ದರೆ ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ಅದರ ವಾಲ್ವ್ ಕೂಡ ಮುಚ್ಚಿ, ಮೀಟರ್ ಫೋಟೋ ತೆಗೆದು ಮಲಗಿ. ಬೆಳಗ್ಗೆ ನಲ್ಲಿ ಮುಟ್ಟುವ ಮೊದಲು ಇನ್ನೊಂದು ಫೋಟೋ. ಅಂಕಿ ಮುಂದೆ ಹೋಗಿದ್ದರೆ ಒಳಗಿನ ಪೈಪಿನಲ್ಲಿ ನೀರು ಸೋರುತ್ತಿದೆ ಅಂತ ಅರ್ಥ. ಹೋಗದೇ ಇದ್ದರೆ ಬಾತ್‌ರೂಮ್ ನೆಲದ ಸಂದಿ, ನೀರು ಹೋಗುವ ಪೈಪು ಅಥವಾ ಮೇಲಿನ ಮನೆಯ ಕಡೆ ನೋಡಬೇಕು, ಯಾಕಂದ್ರೆ ಅಲ್ಲಿಂದ ಇಳಿಯೋ ನೀರು ನಿಮ್ಮ ಮೀಟರಿನಲ್ಲಿ ಓಡಲ್ಲ. ನಮ್ಮ ಮನೆಯಲ್ಲಿ ಒಂದೇ ರಾತ್ರಿಗೆ ಸುಮಾರು 30 ಲೀಟರ್ ಓಡಿತ್ತು.

ಅಕ್ಟೋಬರ್‌ನಲ್ಲಿ ಈ ಎರಡು ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಓನರ್‌ಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ "ನೋಡೋಣ" ಅಂದರು. ಗೋಡೆಯ ಪಕ್ಕದಲ್ಲೇ ಮಗು ಮಲಗುತ್ತಿತ್ತು, ಎಷ್ಟು ದಿನ ಕಾಯೋದು? ನವೆಂಬರ್‌ನಲ್ಲಿ ನಾವೇ ಪ್ಲಂಬರ್ ಕರೆಸಿದೆವು. ನಾಲ್ಕು ಟೈಲ್ಸ್ ಒಡೆದರು. ಹಳೇ ಕಬ್ಬಿಣದ ಪೈಪಿನ ಬೆಂಡ್ ತುಕ್ಕು ಹಿಡಿದು ತೂತಾಗಿತ್ತು. ಆ ತುಂಡನ್ನು ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿ, ಹೊಸ ಟೈಲ್ಸ್ ಕೂರಿಸಿದ್ದಕ್ಕೆ 6,500 ಆಯಿತು. ಓನರ್‌ಗೆ ಹೇಳಿದರೆ, ನಾನು ಮಾಡಿಸಿ ಅಂದಿದ್ದೆನಾ ಅಂತ ಕೇಳಿದರು. ಹೊಸ ಟೈಲ್ಸ್ ಹಳೇದಕ್ಕೆ ಹೊಂದಲ್ಲ ಅಂತ ಆಕ್ಷೇಪ ಬೇರೆ.

ಕೊನೆಗೆ ಆ ಗೋಡೆಗೆ ಪುಟ್ಟಿ, ಪೇಂಟ್ ಅಂತ 14,000 ನಮ್ಮಿಂದಲೇ ಹಿಡಿದರು. ಇಡೀ ಮನೆಯ ಪೇಂಟಿಂಗ್‌ಗೆ ಅಂತ 18,000 ತಗೊಂಡ ಮೇಲೆ, ಅದೇ ಮನೆಯ ಒಂದು ಗೋಡೆಗೆ ಇನ್ನೊಂದು ಸಲ. ಇದು ಅನ್ಯಾಯ ಅಂತ ಇವತ್ತಿಗೂ ಅನಿಸುತ್ತೆ.

ಆಮೇಲೆ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಹೇಳಿದ್ದರಲ್ಲಿ ಒಂದು ಮಾತು ನನಗೆ ಮೊದಲೇ ಗೊತ್ತಿದ್ದಿದ್ದರೆ ಎಷ್ಟೋ ಉಳಿಯುತ್ತಿತ್ತು. ಕರ್ನಾಟಕ ಬಾಡಿಗೆ ಕಾಯ್ದೆ 1999 ನಮ್ಮಂಥವರಿಗೆ ಅನ್ವಯಿಸೋದೇ ಇಲ್ಲ, ಬೆಂಗಳೂರಿನಲ್ಲಿ ಅದರ ಮಿತಿ ತಿಂಗಳಿಗೆ 3,500 ಬಾಡಿಗೆ. ಅದಕ್ಕಿಂತ ಜಾಸ್ತಿ ಇದ್ದರೆ ನೋಡಬೇಕಾದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಅದರ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜವಾಗಿ ಬಳಸಿದ್ದರಿಂದ ಆದ ಸವೆತಕ್ಕೆ ಅವರು ಹೊಣೆ ಅಲ್ಲ. ಓನರ್ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಾಕಷ್ಟು ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು.

ಕೇಳಿ ನನಗೆ ಖುಷಿಯಾಯಿತು. ಆದರೆ ವಕೀಲರು ಅಲ್ಲೇ ತಡೆದರು. "ಓನರ್ ಮಾಡಲೇಬೇಕಾದ" ಅನ್ನೋ ಮಾತು ನೋಡಿ ಅಂದರು. ಇಂಥಿಂಥ ರಿಪೇರಿ ಓನರ್ ಮಾಡಬೇಕು ಅಂತ ಆ ಕಾಯ್ದೆ ಪಟ್ಟಿ ಕೊಡಲ್ಲ. ಅದು ಕರಾರಿನಿಂದ ಬರಬೇಕು. ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಕರಾರೇ ನಡೆಯುತ್ತೆ. ನಮ್ಮದರಲ್ಲಿ ದೊಡ್ಡ ರಿಪೇರಿ ಮಾಲೀಕರದ್ದು ಅಂತ ಇದ್ದದ್ದರಿಂದ, ಗೋಡೆ ಒಳಗಿನ ಪೈಪು ದೊಡ್ಡ ರಿಪೇರಿ ಅಂತ ವಾದಿಸೋಕೆ ಜಾಗ ಇತ್ತು. ಆ ಒಂದು ಸಾಲು ಇಲ್ಲದಿದ್ದರೆ ಅದೂ ಇಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವುದು ಯಾರದ್ದು ಅಂತ ಒಳ್ಳೆ ಪಟ್ಟಿ ಇದೆ: ಸುಣ್ಣ ಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಮಾಲೀಕರದ್ದು, ನಲ್ಲಿ ವಾಷರ್, ಸ್ವಿಚ್, ಗೀಸರ್ ರಿಪೇರಿ, ಚರಂಡಿ ಕ್ಲೀನಿಂಗ್ ಬಾಡಿಗೆದಾರರದ್ದು. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆ ಮಾಡಿದರೆ ತಾನೇ ನಡೆಯೋದು. ಓನರ್‌ಗೆ ಅದನ್ನು ತೋರಿಸಿ ಹೆದರಿಸೋಕೆ ಹೋಗಬೇಡಿ. ಕರಾರು ಬರೆಯುವಾಗ ಆ ಪಟ್ಟಿ ಮುಂದಿಟ್ಟುಕೊಳ್ಳಿ, ಅದಕ್ಕೆ ಚೆನ್ನಾಗಿದೆ.

ನಾವು ಸೋತದ್ದು ಇನ್ನೊಂದು ಕಡೆ. ತಿಳಿಸಿದ್ದಕ್ಕೆ ದಾಖಲೆ ಎಲ್ಲಿ ಅಂತ ವಕೀಲರು ಕೇಳಿದರು. ಜೂನ್, ಜುಲೈ, ಆಗಸ್ಟ್ ಎಲ್ಲಾ ಫೋನ್ ಮಾತು. ಮೊದಲನೇ ಮೆಸೇಜ್ ಅಕ್ಟೋಬರ್‌ನದ್ದು. ಅದರಲ್ಲೂ "ಸರ್, ಗೋಡೆ ನೋಡಿ" ಅಂತ ಮಾತ್ರ ಬರೆದಿದ್ದೆ. ಇಷ್ಟು ದಿನದಲ್ಲಿ ಮಾಡಿಸಿ, ಇಲ್ಲದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯುತ್ತೇವೆ ಅಂತ ಬರೆದಿರಲಿಲ್ಲ. ಪ್ಲಂಬರ್ ಹತ್ತಿರ ಬಿಲ್ ತಗೊಂಡಿರಲಿಲ್ಲ. ಮನೆಗೆ ಬಂದ ದಿನ ಆ ಗೋಡೆ ಹೇಗಿತ್ತು ಅನ್ನೋದಕ್ಕೆ ಒಂದು ಫೋಟೋ ಇರಲಿಲ್ಲ. ತೂತಾಗಿದ್ದ ಪೈಪ್ ತುಂಡನ್ನು ಪ್ಲಂಬರ್ ಗುಜರಿಗೆ ಹಾಕೋಕೆ ತಗೊಂಡು ಹೋಗಿದ್ದರು, ಅದರ ಫೋಟೋ ಮಾತ್ರ ನನ್ನ ಗಂಡನ ಫೋನಿನಲ್ಲಿ ಸಿಕ್ಕಿತು. ನಮ್ಮನ್ನು ಅಷ್ಟಾದರೂ ಕಾಪಾಡಿದ್ದು ಅದೊಂದೇ.

ಅಸೋಸಿಯೇಷನ್‌ನ 22,000 ವಿಷಯ ಬೇಗ ಮುಗಿಯಿತು. ನಾವು ತಿಂಗಳಿಗೆ 3,300 ಮೇಂಟೆನೆನ್ಸ್ ಕಟ್ಟುತ್ತಿದ್ದೆವು: ಸೆಕ್ಯೂರಿಟಿ, ಲಿಫ್ಟ್ ಸರ್ವಿಸ್, ಜನರೇಟರ್ ಡೀಸೆಲ್, ಟ್ಯಾಂಕರ್ ನೀರು, ಕಸ. ಇದು ಅಲ್ಲಿ ಇರುವವರು ಬಳಸುವ ಸೌಲಭ್ಯ, ಇರುವವರೇ ಕೊಡೋದು ಸರಿ. ಆದರೆ 22,000 ಇದಲ್ಲ. ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ ಕೇಳಿದಾಗ ನೋಟಿಸ್ ತೋರಿಸಿದರು. ಹಳೇ ಲಿಫ್ಟ್ ತೆಗೆದು ಹೊಸದು ಹಾಕೋಕೆ, ಕಟ್ಟಡದ ಹೊರಗೆ ಪೇಂಟ್ ಮಾಡೋಕೆ ಒಂದು ಸಲದ ವಸೂಲಿ. ನೋಟಿಸ್ ಇದ್ದದ್ದು ಓನರ್ ಹೆಸರಿಗೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ಸಾಮಾನ್ಯ ಖರ್ಚು ಮಾಲೀಕರ ಮೇಲೇ ಬರುತ್ತೆ. ನಮ್ಮ ಕರಾರು "ತಿಂಗಳ" ಮೇಂಟೆನೆನ್ಸ್ ಅಂದಿತ್ತು, ಆ ಒಂದು ಪದ ನಮಗೆ ಸಹಾಯ ಮಾಡಿತು. ಬರೀ "ಮೇಂಟೆನೆನ್ಸ್ ಬಾಡಿಗೆದಾರರದ್ದು" ಅಂತ ಇದ್ದಿದ್ದರೆ ಜಗಳ ಉದ್ದ ಆಗುತ್ತಿತ್ತು.

ಗೀಸರ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡ್ತೇನೆ. ಬೋರ್‌ವೆಲ್ ನೀರಿನ ಗಡಸಿಗೆ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಎರಡು ಸಲ ಹೋಯಿತು, ಎರಡು ಸಲವೂ ನಾವೇ ಹಾಕಿಸಿದೆವು, ಕೇಳಲಿಲ್ಲ. ಆದರೆ ಎಂಟು ವರ್ಷ ಹಳೇ ಗೀಸರ್‌ನ ಟ್ಯಾಂಕೇ ಸೋರಿದ್ದಕ್ಕೆ ಹೊಸ ಗೀಸರ್ ತಂದು, 9,200ರಲ್ಲಿ ಅರ್ಧ ನಮ್ಮ ಮೇಲೆ ಹಾಕಿದ್ದು ಸರಿಯಲ್ಲ. ರಿಪೇರಿ ಬೇರೆ, ಹೊಸದು ಕೊಳ್ಳೋದು ಬೇರೆ. ಆ ಗೀಸರ್ ಅವರ ಮನೆಯಲ್ಲೇ ಉಳಿಯಿತು.

ವಕೀಲರ ನೋಟಿಸ್‌ಗೆ 2,500 ಖರ್ಚಾಯಿತು. ಅದು ತಲುಪಿದ ಮೇಲೆ ಓನರ್ ಮಗ ಮಾತಾಡೋಕೆ ಬಂದರು. ಎರಡು ಸಲ ಕೂತು ಮಾತಾಡಿ, ಅಸೋಸಿಯೇಷನ್‌ನ 22,000 ಪೂರ್ತಿ, ಗೋಡೆಯ 14,000ದಲ್ಲಿ ಅರ್ಧ, ಒಟ್ಟು 29,000 ವಾಪಸ್ ಬಂತು. ಗೋಡೆಯ ಉಳಿದ 7,000, ಗೀಸರ್‌ನ 4,600, ಪ್ಲಂಬರ್‌ಗೆ ಕೊಟ್ಟ 6,500 ಹೋಯಿತು. ಕೋರ್ಟಿಗೆ ಹೋಗಬಹುದಿತ್ತು, ಆದರೆ 18,100ಕ್ಕೆ ವರ್ಷಗಟ್ಟಲೆ ಓಡಾಡೋ ಶಕ್ತಿ ನಮಗಿರಲಿಲ್ಲ.

ಒಂದು ವಿಷಯ ಮರೆಯೋ ಮುಂಚೆ ಹೇಳಬೇಕು. ಓನರ್ ರಿಪೇರಿ ಮಾಡಿಸಲ್ಲ ಅಂತ ಸಿಟ್ಟಿಗೆ ಬಾಡಿಗೆ ಕೊಡೋದನ್ನೇ ನಿಲ್ಲಿಸಬೇಡಿ. ನನ್ನ ಗಂಡ ಡಿಸೆಂಬರ್‌ನಲ್ಲಿ ಹಾಗೇ ಮಾಡೋಣ ಅಂದಿದ್ದರು. ಮಾಡಿದ್ದರೆ ಬಾಡಿಗೆ ಬಾಕಿ ಉಳಿಸಿಕೊಂಡವರು ಅಂತ ನಮ್ಮ ಮೇಲೇ ನೋಟಿಸ್ ಬರುತ್ತಿತ್ತು. ಬರೆದು ತಿಳಿಸಿ, ಸಮಯ ಕೊಟ್ಟು, ಬಿಲ್ ಇಟ್ಟುಕೊಂಡು, ಆ ಖರ್ಚಿನಷ್ಟು ಮಾತ್ರ ಕಳೆದು ಉಳಿದದ್ದನ್ನು ಅದೇ ತಾರೀಖಿಗೆ ಕಟ್ಟಬೇಕು.

ಈಗಿನ ಮನೆಯ ಕರಾರಿನಲ್ಲಿ "ಸಣ್ಣ", "ದೊಡ್ಡ" ಅನ್ನೋ ಪದಗಳೇ ಇಲ್ಲ. ಬದಲಿಗೆ ಹೀಗೆ ಬರೆಸಿದ್ದೇವೆ: "ಒಂದು ಸಲದ ರಿಪೇರಿ 1,500 ರೂಪಾಯಿವರೆಗೆ ಬಾಡಿಗೆದಾರರದ್ದು, ಅದಕ್ಕಿಂತ ಜಾಸ್ತಿ ಆದರೆ ಪೂರ್ತಿ ಮಾಲೀಕರದ್ದು. ಗೋಡೆ ಮತ್ತು ನೆಲದ ಒಳಗಿನ ಪೈಪ್, ವೈರಿಂಗ್, ನೀರು ಸೋರಿಕೆ ಎಷ್ಟೇ ಆದರೂ ಮಾಲೀಕರದ್ದು. ವಾಟ್ಸಾಪ್‌ನಲ್ಲಿ ತಿಳಿಸಿ 15 ದಿನದೊಳಗೆ ಆಗದಿದ್ದರೆ ಬಾಡಿಗೆದಾರರು ಮಾಡಿಸಿ, ಬಿಲ್ ಕೊಟ್ಟು, ಬಾಡಿಗೆಯಲ್ಲಿ ಕಳೆಯಬಹುದು. ಅಡ್ವಾನ್ಸ್‌ನಲ್ಲಿ ಹಿಡಿಯುವ ಯಾವ ಮೊತ್ತಕ್ಕೂ ಬಿಲ್ ಇರಬೇಕು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ಗೋಡೆಗಳಿಗೆ ಬೇರೆ ಹಣ ಇಲ್ಲ." ಹೊಸ ಓನರಮ್ಮ ಓದಿ, ಬಾಡಿಗೆದಾರರೇ ಒಡೆದು ಹಾಳು ಮಾಡಿದ್ದು ಅವರದ್ದೇ ಅಂತ ಒಂದು ಸಾಲು ಸೇರಿಸಿ ಅಂದರು. ನ್ಯಾಯವಾಗಿಯೇ ಕೇಳಿದರು, ಸೇರಿಸಿದೆವು. ಕೀ ತಗೊಂಡ ದಿನ ಇಬ್ಬರೂ ಜೊತೆಗೇ ಪ್ರತಿ ಗೋಡೆ, ನಲ್ಲಿ, ಗೀಸರ್ ಎಲ್ಲದರ ವಿಡಿಯೋ ತೆಗೆದು, ಅಲ್ಲೇ ನಿಂತು ಅವರ ವಾಟ್ಸಾಪ್‌ಗೆ ಕಳಿಸಿದೆ.