ಐಡಿ ಫ್ಯಾನಿಗೆ ಹಾಕಿದ ವಿಎಫ್‌ಡಿ: ಮೂರು ವರ್ಷದ ಲೆಕ್ಕ

ಕಾರ್ಕಳದ ಕಡೆ ನಮ್ಮದು ಕುಚ್ಚಲಕ್ಕಿ ಮಿಲ್ಲು. ಉಮಿ ಉರಿಸುವ ಬಾಯ್ಲರಿನ ಹೊಗೆ ಎಳೆಯುವ ಐಡಿ ಫ್ಯಾನಿಗೆ 20 ಎಚ್‌ಪಿ ಇಂಡಕ್ಷನ್ ಮೋಟರ್. ಮೊದಲು ಮೋಟರ್ ಸದಾ ಪೂರ್ತಿ ವೇಗದಲ್ಲೇ ತಿರುಗುತ್ತಿತ್ತು, ಎಳೆತ ಹೆಚ್ಚಾದರೆ ಹೊಗೆಯ ದಾರಿಗೆ ಅಡ್ಡ ಇರುವ ಬಾಗಿಲು, ಡ್ಯಾಂಪರನ್ನು ಅರ್ಧ ಮುಚ್ಚುತ್ತಿದ್ದೆವು. ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ ಇಟ್ಟು ಲಾರಿ ಓಡಿಸಿದ ಹಾಗೆ.

ಮೋಟರಿನ ವೇಗವನ್ನೇ ಬೇಕಾದಷ್ಟಕ್ಕೆ ಇಳಿಸಲು ವಿಎಫ್‌ಡಿ ಎಂಬ ಡ್ರೈವ್ ಹಾಕಿಸಿದೆವು. ಪ್ಯಾನೆಲ್, ವೈರಿಂಗ್ ಎಲ್ಲ ಸೇರಿ ಅದಕ್ಕೆ 72,000 ರೂಪಾಯಿ ಆಯಿತು. ಈಗ ಡ್ಯಾಂಪರ್ ಪೂರ್ತಿ ತೆರೆದೇ ಇರುತ್ತದೆ, ಫ್ಯಾನ್ 50 ಹರ್ಟ್ಸ್ ಬದಲು 38 ಹರ್ಟ್ಸ್‌ನಲ್ಲಿ ಓಡುತ್ತದೆ, ಬೆಂಕಿ ಮೊದಲಿನಂತೆಯೇ ಉರಿಯುತ್ತದೆ.

ಮಾರಾಟದವರು ಹೇಳಿದ್ದು 56 ಶೇಕಡಾ ಉಳಿತಾಯ. ವೇಗದ ಘನಕ್ಕೆ ತಕ್ಕಂತೆ ಪವರ್ ಇಳಿಯುತ್ತದೆ, 38 ಅಂದರೆ 50ರ 0.76 ಪಾಲು, ಅದರ ಘನ 0.44, ಆ ಲೆಕ್ಕ ಸರಿಯೇ. ಆದರೆ ಅದು ಡ್ಯಾಂಪರ್ ಪೂರ್ತಿ ತೆರೆದು 50 ಹರ್ಟ್ಸ್‌ನಲ್ಲಿ ಓಡಿಸಿದರೆ ಎಷ್ಟು ಎಳೆಯುತ್ತದೋ ಅದಕ್ಕೆ ಹೋಲಿಸಿದ್ದು. ನಾವು ಹಾಗೆ ಓಡಿಸುತ್ತಲೇ ಇರಲಿಲ್ಲ! ಡ್ಯಾಂಪರ್ ಅರ್ಧ ಮುಚ್ಚಿದಾಗ ಫ್ಯಾನ್ ಎಳೆಯುತ್ತಿದ್ದದ್ದು 11 ಕಿಲೋವ್ಯಾಟ್. ಈಗ ಡ್ರೈವಿನ ಸ್ವಂತ ನಷ್ಟವೂ ಸೇರಿ 6.7. ದಿನಕ್ಕೆ 16 ಗಂಟೆ ಓಡಿದರೆ 176 ಯೂನಿಟ್ ಇದ್ದದ್ದು 107ಕ್ಕೆ ಇಳಿದಿದೆ, ಅಂದರೆ 39 ಶೇಕಡಾ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 25 ದಿನಕ್ಕೆ ಸುಮಾರು 12,000. ಆರು ತಿಂಗಳು ಓಡಿದರೆ ಹಾಕಿದ ದುಡ್ಡು ಬಂತು. ಮಳೆಗಾಲದ ರಜೆಯಿಂದಾಗಿ ನಮಗೆ ಎಂಟು ತಿಂಗಳು ಹಿಡಿಯಿತು.

ಶುರುವಿನಲ್ಲಿ ಒಂದು ಗಲಿಬಿಲಿ. ನಮ್ಮ ಎಲೆಕ್ಟ್ರಿಷಿಯನ್ ಮೋಟರಿಗೆ ಹೋಗುವ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ, "ಮೊದಲು 19 ಆಂಪ್ಸ್ ಇತ್ತು, ಈಗ 16. ಇಷ್ಟೇಯಾ ಧಣಿ?" ಅಂದ. ವೇಗ ಇಳಿಸುವಾಗ ಡ್ರೈವ್ ವೋಲ್ಟೇಜನ್ನೂ ಇಳಿಸುತ್ತದೆ, 38 ಹರ್ಟ್ಸ್‌ಗೆ ಸುಮಾರು 315 ವೋಲ್ಟ್. ಹಾಗಾಗಿ ಆ ಕಡೆಯ ಆಂಪ್ಸ್ ನೋಡಿದರೆ ಏನೂ ಗೊತ್ತಾಗದು. ಡ್ರೈವಿನ ಒಳಬರುವ ಲೈನಿಗೆ ಒಂದು ಎನರ್ಜಿ ಮೀಟರ್ ಕೂರಿಸಿ, ವಾರದ ಯೂನಿಟ್ ಬರೆದಿಟ್ಟುಕೊಳ್ಳಿ.

ತೊಂದರೆ ಕೊಟ್ಟದ್ದು ಎರಡು ಸಲ. ಮೊದಲನೆಯದು, ನಿಲ್ಲಿಸುವಾಗಲೆಲ್ಲ ಓವರ್‌ವೋಲ್ಟೇಜ್ ಟ್ರಿಪ್. ಫ್ಯಾನಿನ ಚಕ್ರ ಭಾರದ್ದು. 10 ಸೆಕೆಂಡಿನಲ್ಲಿ ನಿಲ್ಲಿಸಲು ಹೋದರೆ ಮೋಟರೇ ಜನರೇಟರ್ ಆಗಿ ಡ್ರೈವಿಗೆ ವಾಪಸ್ ಕರೆಂಟ್ ತಳ್ಳುತ್ತದೆ. ಇಳಿಯುವ ಸಮಯವನ್ನು 60 ಸೆಕೆಂಡ್ ಮಾಡಿದ ಮೇಲೆ ಸರಿಹೋಯಿತು.

ಎರಡನೆಯದು ನಮ್ಮದೇ ತಪ್ಪು. ಪ್ಯಾನೆಲನ್ನು ಬಾಯ್ಲರ್ ಪಕ್ಕದ ಗೋಡೆಗೆ ಹಾಕಿದ್ದೆವು. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮಾತ್ರ ಟ್ರಿಪ್ ಆಗತೊಡಗಿತು, ರಾತ್ರಿ ಪಾಳಿಯಲ್ಲಿ ಏನೂ ಇಲ್ಲ. ಬಿಚ್ಚಿ ನೋಡಿದರೆ ಡ್ರೈವಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದುಗಳಲ್ಲಿ ಉಮಿಯ ಧೂಳು ಕಂಬಳಿಯ ಹಾಗೆ ಕೂತಿತ್ತು. ಪ್ಯಾನೆಲನ್ನು ಆಫೀಸಿನ ಗೋಡೆಗೆ ಸ್ಥಳಾಂತರಿಸಿದೆವು. ತಿಂಗಳಿಗೊಮ್ಮೆ ಲೈನ್ ಆಫ್ ಮಾಡಿ, ಹತ್ತು ನಿಮಿಷ ಕಾದು, ಬ್ಲೋವರ್ ಹಿಡಿಯುತ್ತೇವೆ.

ಭತ್ತ ಒಣಗಿಸುವ ಡ್ರೈಯರಿನ ಫ್ಯಾನಿಗೆ ಮಾತ್ರ ಹಾಕಿಸಲಿಲ್ಲ. ಅದಕ್ಕೆ ಪೂರ್ತಿ ಗಾಳಿ ಬೇಕೇ ಬೇಕು, ಡ್ಯಾಂಪರ್ ಯಾವತ್ತೂ ಮುಚ್ಚಿದ್ದಿಲ್ಲ. ಅಲ್ಲಿ ಡ್ರೈವ್ ಹಾಕಿದರೆ ಉಳಿಯುವ ಬದಲು ಡ್ರೈವಿನ ನಷ್ಟವೇ ಬಿಲ್ಲಿಗೆ ಸೇರುತ್ತಿತ್ತು.